ಜೇರ್ ಜಬರ್ ಹಾಕಿದ ಬೆಕ್ಕಿನ ಕಥೆ

ಇಂಗ್ಲಿಷಿನಲ್ಲಿ ಆರೇ ಆರು ಸಾಲಿನ ಒಂದು ಕಥೆ. ಮಲಗುವ ಹೊತ್ತಿಗೆ ಚಿಕ್ಕ ಮಕ್ಕಳಿಗೆ ಓದಿ ಹೇಳುವಂಥದ್ದು. ಪುಟ್ಟ ಬೆಕ್ಕಿಗೆ ನಿದ್ದೆ ಮಾಡಲು ಆಗಲಿಲ್ಲ. ಅದಕ್ಕೆ ಒಂದು ವಿಚಿತ್ರ ಸದ್ದು ಕೇಳಿಸಿತು. "ಯಾರಲ್ಲಿ?" ಅಂದಿತು. "ಅದು ಗಾಳಿ" ಅಂದಳು ತಾಯಿ. ತಾಯಿ ಕಿಟಕಿ ಮುಚ್ಚಿದಳು. ಬೆಕ್ಕು ಮಲಗಿತು. ಇಷ್ಟೇ.

ನನ್ನ ಖಾಲಾನ ಮಗಳು ಸೌದಿಯಲ್ಲಿ ಒಂದನೇ ತರಗತಿ ಓದುತ್ತಾಳೆ. ಅವಳು ತಾನೇ ಓದಿಕೊಳ್ಳುವಂತೆ ಈ ಕಥೆಯನ್ನು ಅರಬ್ಬಿಗೆ ತರಬೇಕಿತ್ತು. ಪಿಯುಸಿಯಲ್ಲಿ ನನ್ನ ಭಾಷಾ ವಿಷಯ ಅರೇಬಿಕ್. ನಮ್ಮ ಅರೇಬಿಕ್ ಸರ್ ಜೊತೆ ಕೂತು ಈ ಆರು ಸಾಲು ಮುಗಿಸಲು ಎರಡು ಮಧ್ಯಾಹ್ನ ಬೇಕಾಯಿತು. ಆರು ಸಾಲಿಗೆ ಅಷ್ಟು ಹೊತ್ತು ಯಾಕೆ ಎಂಬುದೇ ಈ ಲೇಖನ.

ಅರಬ್ಬಿ ಓದಲು ಬಾರದ ಸ್ನೇಹಿತರಿಗಾಗಿ ಮೊದಲು ಒಂದು ಮಾತು. ಕನ್ನಡದಲ್ಲಿ ಅಕ್ಷರದ ಜೊತೆಗೇ ಸ್ವರ ಅಂಟಿಕೊಂಡಿರುತ್ತದೆ. ಕಾಗುಣಿತ ಬಿಟ್ಟು ಬರೆಯುವ ಹಾಗೇ ಇಲ್ಲ. ಅರಬ್ಬಿಯಲ್ಲಿ ದೀರ್ಘ ಸ್ವರಕ್ಕೆ ಮಾತ್ರ ಅಕ್ಷರ ಇದೆ. ಅ, ಇ, ಉ ಎಂಬ ಮೂರು ಹ್ರಸ್ವಗಳನ್ನು ಸಾಮಾನ್ಯ ಬರಹದಲ್ಲಿ ಬರೆಯುವುದೇ ಇಲ್ಲ. ಕನ್ನಡವನ್ನು ಹಾಗೆ ಬರೆದರೆ ಮರ, ಮರಿ, ಮುರಿ, ಮರು ಎಲ್ಲವೂ 'ಮರ' ಎಂದೇ ಕಾಣುತ್ತವೆ. ದೊಡ್ಡವರು ಹಿಂದೆ ಮುಂದೆ ನೋಡಿ ಅಂದಾಜು ಮಾಡಿ ಓದುತ್ತಾರೆ. ಅರಬ್ಬಿ ಪತ್ರಿಕೆಗಳನ್ನು ಓದುವುದು ಹೀಗೆ. ನಮ್ಮ ಮನೆಗೆ ಬರುವ ಉರ್ದು ಪತ್ರಿಕೆಯೂ ಹೀಗೆಯೇ. ಮಕ್ಕಳಿಗೆ ಬರೆಯುವಾಗ ಮಾತ್ರ ಅಕ್ಷರದ ಮೇಲೆ ಅಥವಾ ಕೆಳಗೆ ಪುಟ್ಟ ಗುರುತು ಹಾಕುತ್ತಾರೆ. ಮೇಲೆ ಓರೆ ಗೆರೆ ಇದ್ದರೆ ಅ, ಕೆಳಗೆ ಇದ್ದರೆ ಇ, ಮೇಲೆ ಪುಟ್ಟ 'ವಾವ್' ಇದ್ದರೆ ಉ. ಸ್ವರವಿಲ್ಲದ ಅಕ್ಷರಕ್ಕೆ ಸುಕೂನ್. ನಮ್ಮ ಒತ್ತಕ್ಷರದಂತೆ ಇಮ್ಮಡಿಸಿದ ಅಕ್ಷರಕ್ಕೆ ಶದ್ದಾ.

ಉರ್ದುವಿನಲ್ಲಿ ಮೊದಲ ಮೂರಕ್ಕೆ ಜಬರ್, ಜೇರ್, ಪೇಶ್ ಎನ್ನುತ್ತೇವೆ. ಮೇಲೆ, ಕೆಳಗೆ, ಮುಂದೆ ಎಂದು ಗುರುತು ಇರುವ ಜಾಗವನ್ನಷ್ಟೇ ಈ ಹೆಸರುಗಳು ಹೇಳುತ್ತವೆ. ಅರಬ್ಬಿ ಹೆಸರುಗಳು ಬಾಯಿಯನ್ನು ಹೇಳುತ್ತವೆ. ಫತಹಾ ಎಂದರೆ ತೆರೆಯುವುದು. ಅ ಅಂದಾಗ ಬಾಯಿ ತೆರೆಯುತ್ತದೆ. ದಮ್ಮಾ ಎಂದರೆ ಕೂಡಿಸುವುದು. ಉ ಅಂದಾಗ ತುಟಿ ಕೂಡುತ್ತದೆ. ಕಸ್ರಾ ಎಂದರೆ ಮುರಿಯುವುದು, ಅದು ಇ. (ನಮ್ಮ ಮನೆಯಲ್ಲಿ 'ಜೇರೊ ಜಬರ್' ಅಂದರೆ ಎಲ್ಲ ತಲೆಕೆಳಗಾಯಿತು ಅಂತಲೂ ಅರ್ಥ. ಪರೀಕ್ಷೆ ವಾರದಲ್ಲಿ ನನ್ನ ಮೇಜಿಗೆ ಅಮ್ಮಿ ಈ ಮಾತನ್ನೇ ಬಳಸುತ್ತಾರೆ.) ಮೊದಲು ಇವು ಬಣ್ಣದ ಚುಕ್ಕೆಗಳಾಗಿದ್ದವು, ಆ ಪದ್ಧತಿಯನ್ನು 7ನೇ ಶತಮಾನದ ಅಬುಲ್ ಅಸ್ವದ್ ಅದ್ದುಅಲೀ ತಂದರೆಂದು ಹೇಳುತ್ತಾರೆ. ಈಗಿನ ರೂಪ ಬಂದದ್ದು 8ನೇ ಶತಮಾನದ ಖಲೀಲ್ ಇಬ್ನ್ ಅಹ್ಮದ್ ಅವರಿಂದ.

ಈಗ ಕಥೆಯ ಎರಡನೇ ಸಾಲು: 'ಅದಕ್ಕೆ ಕೇಳಿಸಿತು.' ಅರಬ್ಬಿಯಲ್ಲಿ ಇದು ನಾಲ್ಕೇ ಅಕ್ಷರ: ಸೀನ್, ಮೀಮ್, ಐನ್, ತೇ. ಗುರುತು ಹಾಕದಿದ್ದರೆ ಈ ನಾಲ್ಕು ಅಕ್ಷರಗಳನ್ನು ಸಮಿಅ್‌ತು ಎಂದು ಓದಬಹುದು, ಅಂದರೆ 'ನಾನು ಕೇಳಿದೆ'. ಸಮಿಅ್‌ತ ಎಂದರೆ 'ನೀನು ಕೇಳಿದೆ', ಹುಡುಗನಿಗೆ. ಸಮಿಅ್‌ತಿ ಎಂದರೂ 'ನೀನು ಕೇಳಿದೆ', ಹುಡುಗಿಗೆ. ಸಮಿಅತ್ ಎಂದರೆ 'ಅವಳು ಕೇಳಿದಳು'. ನಾಲ್ಕಕ್ಕೂ ಬರಹ ಒಂದೇ. ಬೆಕ್ಕಿನ ಕಥೆಯಲ್ಲಿ ನಾಲ್ಕನೆಯದೇ ಸರಿ ಎಂದು ನಮಗೆ ಗೊತ್ತು, ಏಕೆಂದರೆ ನಾವು ಪೂರ್ತಿ ಸಾಲನ್ನು ಒಮ್ಮೆಗೇ ನೋಡುತ್ತೇವೆ. ಆರು ವರ್ಷದ ಮಗು ಒಂದೊಂದೇ ಅಕ್ಷರ ಕೂಡಿಸಿ ಓದುತ್ತದೆ. ಅದಕ್ಕೆ ಐನ್ ಮೇಲಿನ ಜಬರ್, ತೇ ಮೇಲಿನ ಸುಕೂನ್ ಇವೆರಡೇ ಆಧಾರ. ಅವು ಇಲ್ಲದಿದ್ದರೆ ಕಥೆ ಬೆಕ್ಕಿನದೋ ತನ್ನದೋ ಎಂದು ಮಗುವಿಗೆ ತಿಳಿಯುವುದಿಲ್ಲ.

ಮೂರನೇ ಸಾಲು ಇನ್ನೂ ಚಿಕ್ಕದು: 'ಮನ್ ಹುನಾಕ್?' ಯಾರಲ್ಲಿ? ಮೀಮ್ ಮೇಲೆ ಜಬರ್ ಇದ್ದರೆ ಮನ್, ಅಂದರೆ 'ಯಾರು'. ಕೆಳಗೆ ಜೇರ್ ಇದ್ದರೆ ಮಿನ್, ಅಂದರೆ 'ಇಂದ'. ಆಗ ಬೆಕ್ಕು "ಅಲ್ಲಿಂದಲಾ?" ಎಂದು ಕೇಳಿದಂತಾಗುತ್ತದೆ. ನಮ್ಮಂಥ ಮನೆಯ ಮಕ್ಕಳಿಗೆ ಮದುವೆ ಕಾರ್ಡಿನ 'ಮಿನ್ ಜಾನಿಬ್' ಕಣ್ಣಿಗೆ ಬಿದ್ದು ಅಭ್ಯಾಸ. ಗುರುತು ಇಲ್ಲದಿದ್ದರೆ ಅವರ ಬಾಯಿಗೆ ಮೊದಲು ಬರುವುದು ಮಿನ್.

ಹಾಗಾದರೆ ಗುರುತು ಹಾಕಿಬಿಟ್ಟರೆ ಕೆಲಸ ಮುಗಿಯಿತೇ? ಗುರುತು ಓದಲು ಬರುವಂತೆ ಮಾಡುತ್ತದೆ, ಅರ್ಥವಾಗುವಂತೆ ಮಾಡುವುದಿಲ್ಲ. ಅರಬ್ ದೇಶಗಳಲ್ಲಿ ಮಗು ಮನೆಯಲ್ಲಿ ಮಾತಾಡುವುದು ಆಮ್ಮಿಯ್ಯಾ, ಅಂದರೆ ಆಯಾ ಊರಿನ ಆಡುಮಾತು. ಪುಸ್ತಕ ಇರುವುದು ಫುಸ್‌ಹಾದಲ್ಲಿ, ಅಂದರೆ ಗ್ರಂಥದ ಭಾಷೆಯಲ್ಲಿ. ಎರಡರ ನಡುವಿನ ಅಂತರ ದೊಡ್ಡದು. ಆದ್ದರಿಂದ ಫುಸ್‌ಹಾದಲ್ಲಿ ಸರಿ ಇರಬೇಕು, ಆಡುಮಾತಿನಲ್ಲೂ ಕಿವಿಗೆ ಬಿದ್ದಿರಬೇಕು ಅನ್ನುವಂಥ ಪದ ಹುಡುಕಬೇಕು. ಕಿಟಕಿಗೆ ಪಠ್ಯಪುಸ್ತಕದ ಪದ ನಾಫಿದಾ. ಶುಬ್ಬಾಕ್ ಎಂಬ ಪದವೂ ಸರಿಯಾದ ಫುಸ್‌ಹಾ. ಜೊತೆಗೆ ಹಲವು ದೇಶಗಳ ಮಕ್ಕಳು ಮನೆಯಲ್ಲಿ ಅದನ್ನೇ ಆಡುತ್ತಾರೆ. ನಾವು ಶುಬ್ಬಾಕ್ ತೆಗೆದುಕೊಂಡೆವು.

ಮೊದಲ ಸಾಲು ಎಲ್ಲಕ್ಕಿಂತ ಹೆಚ್ಚು ಹೊತ್ತು ತಿಂದಿತು. 'ನಿದ್ದೆ ಮಾಡಲು ಆಗಲಿಲ್ಲ' ಎಂಬುದನ್ನು ಪದಕ್ಕೆ ಪದ ಇಟ್ಟರೆ 'ಲಮ್ ತಸ್ತತಿಅ್ ಅನ್ ತನಾಮ'. ವ್ಯಾಕರಣ ಸರಿಯಿದೆ, ಆದರೆ ಮಗುವಿನ ನಾಲಿಗೆ ತಸ್ತತಿಅ್‌ನಲ್ಲೇ ನಿಲ್ಲುತ್ತದೆ. ಎರಡನೇ ದಾರಿ 'ಲಮ್ ತನಮ್', ಅಂದರೆ ಮಲಗಲಿಲ್ಲ. ಚಿಕ್ಕದು ನಿಜ. ಆದರೆ ಲಮ್ ಬಂದರೆ ತನಾಮು ಪದದ ನಡುವಿನ ದೀರ್ಘ ಆ ಬಿದ್ದುಹೋಗುತ್ತದೆ, ಅಲಿಫ್ ಕಾಣಿಸುವುದಿಲ್ಲ. ಮಗುವಿಗೆ ಗೊತ್ತಿರುವ 'ನಾಮ' ಅಲ್ಲಿ ಸಿಗುವುದೇ ಇಲ್ಲ. ಮೂರನೆಯದು 'ಮಾ ನಾಮತ್'. ಇದೂ ಪೂರ್ತಿ ಸರಿಯಾದ ಫುಸ್‌ಹಾ. ನಾಮ ಎಂಬುದು ಮುರಿಯದೆ ಇರುತ್ತದೆ, ಆಡುಮಾತಿನಲ್ಲೂ ಇಲ್ಲ ಎನ್ನಲು 'ಮಾ' ಇದೆ. 'ಆಗಲಿಲ್ಲ' ಎಂಬುದು ಹೋಗಿ 'ಮಲಗಲಿಲ್ಲ' ಉಳಿಯಿತು. ನನ್ನ ಪ್ರಕಾರ ಈ ನಷ್ಟ ಒಪ್ಪಬಹುದಾದದ್ದು, ಏಕೆಂದರೆ ಕೊನೆಯ ಸಾಲಿನಲ್ಲಿ ಲಾಭ ಬಂತು: ಮೊದಲ ಸಾಲು 'ಮಾ ನಾಮತ್', ಕೊನೆಯ ಸಾಲು 'ವ ನಾಮತ್'. ಮಲಗಲಿಲ್ಲ, ಮತ್ತೆ ಮಲಗಿದಳು. ಇಂಗ್ಲಿಷ್ ಕಥೆಯಲ್ಲಿ ಈ ಜೋಡಿ ಇರಲಿಲ್ಲ.

'ಮಲಗಿದಳು' ಎಂದು ಬರೆದದ್ದನ್ನು ಗಮನಿಸಿ. ಕನ್ನಡದಂತೆ ಅರಬ್ಬಿಯಲ್ಲಿ 'ಅದು' ಇಲ್ಲ. ಬೆಕ್ಕಿಗೆ ನಾವು ಆರಿಸಿದ ಕಿತ್ತಾ ಸ್ತ್ರೀಲಿಂಗ, ಗಾಳಿಗೆ ಹೇಳುವ ರೀಹ್ ಕೂಡ ಸ್ತ್ರೀಲಿಂಗ. 'ಅದು ಗಾಳಿ' ಎಂಬುದು 'ಹಿಯರ್ ರೀಹ್' ಆಯಿತು, ಅಂದರೆ 'ಅವಳು ಗಾಳಿ'. ಉರ್ದು ಮನೆಯವರಿಗೆ ಇದು ಸುಲಭ, ನಮ್ಮ ಹವಾ ಕೂಡ ಸ್ತ್ರೀಲಿಂಗವೇ.

ಆದರೆ ಉರ್ದು ಬಂದರೆ ಎಲ್ಲ ಸುಲಭ ಎಂದುಕೊಳ್ಳಬಾರದು. ವಿಚಿತ್ರ ಸದ್ದಿಗೆ ಸರಳ ಅರಬ್ಬಿ 'ಸೌತ್ ಗರೀಬ್'. ಉರ್ದುವಿನಲ್ಲಿ ಗರೀಬ್ ಎಂದರೆ ಬಡವ. ಅರಬ್ಬಿಯಲ್ಲಿ ಅಪರಿಚಿತ, ವಿಚಿತ್ರ. ನಮ್ಮ ಊರಿನ ಮಗು ಓದಿದರೆ 'ಬಡಪಾಯಿ ಸದ್ದು' ಎಂದೇ ತಿಳಿಯುತ್ತದೆ. ಸೌದಿಯ ಮಗುವಿಗೆ ಆ ತೊಂದರೆ ಇಲ್ಲ, ಆದ್ದರಿಂದ ಪದ ಉಳಿಸಿಕೊಂಡೆವು. ಇದೇ ಕಥೆಯನ್ನು ಇಲ್ಲಿನ ಮಕ್ತಬ್ ಮಕ್ಕಳಿಗೆ ಕೊಡುವುದಾದರೆ ಆ ಒಂದು ಪದವನ್ನು ಮೊದಲೇ ಬಿಡಿಸಿ ಹೇಳಬೇಕು.

ಗುರುತು ಹಾಕುವವರನ್ನು ನಿಜವಾಗಿ ಪರೀಕ್ಷೆ ಮಾಡುವುದು ಪದದ ಕೊನೆಯ ಅಕ್ಷರ. ಐದನೇ ಸಾಲು, 'ತಾಯಿ ಕಿಟಕಿ ಮುಚ್ಚಿದಳು': ಅಗ್‌ಲಕತಿಲ್ ಉಮ್ಮುಶ್ ಶುಬ್ಬಾಕ. ಮಾಡಿದವಳು ಉಮ್ಮ್, ಅದಕ್ಕೆ ಕೊನೆಯಲ್ಲಿ ಪೇಶ್. ಕೆಲಸ ಬಿದ್ದದ್ದು ಶುಬ್ಬಾಕ್ ಮೇಲೆ, ಅದಕ್ಕೆ ಕೊನೆಯಲ್ಲಿ ಜಬರ್. ಕಾಮರ್ಸ್‌ನವರು ಡೆಬಿಟ್, ಕ್ರೆಡಿಟ್ ನೆನೆಸಿಕೊಳ್ಳಿ. ಕೊಟ್ಟವರು ಒಂದು ಕಡೆ, ಪಡೆದವರು ಇನ್ನೊಂದು ಕಡೆ. ಅದಲುಬದಲಾದರೆ ಕಿಟಕಿಯೇ ತಾಯಿಯನ್ನು ಮುಚ್ಚುತ್ತದೆ. ಗುರುತಿಲ್ಲದೆ ಬರೆಯುವವರು ಇದನ್ನು ಯೋಚಿಸದೆಯೇ ಮುಂದೆ ಹೋಗಬಹುದು. ಗುರುತು ಹಾಕುವವರು ಪ್ರತಿ ಪದಕ್ಕೂ ಉತ್ತರ ಕೊಡಲೇಬೇಕು. ಎರಡು ಪದ ಸೇರುವ ಜಾಗಕ್ಕೂ ಲೆಕ್ಕ ಇದೆ. ಅಗ್‌ಲಕತ್ ಕೊನೆಗೆ ಸುಕೂನ್ ಇದೆ, ಮುಂದೆ 'ಅಲ್' ಬಂದಿತು. ಎರಡು ಮೂಕ ಅಕ್ಷರ ಅಕ್ಕಪಕ್ಕ ನಿಲ್ಲಬಾರದು ಎಂದು ತೇ ಕೆಳಗೆ ಜೇರ್ ಬಂದು ಅಗ್‌ಲಕತಿಲ್ ಆಗುತ್ತದೆ. 'ನಾಮತಿಲ್' ಆದದ್ದೂ ಹೀಗೆಯೇ.

ಆದರೆ ಓದುವವರು ವಾಕ್ಯದ ಕೊನೆಯಲ್ಲಿ ನಿಲ್ಲುತ್ತಾರೆ. ನಿಂತಾಗ ಕೊನೆಯ ಹ್ರಸ್ವ ಸ್ವರವನ್ನು ಹೇಳುವುದಿಲ್ಲ. ಶುಬ್ಬಾಕ ಅಲ್ಲ, ಶುಬ್ಬಾಕ್. ಮಲಗುವ ಹೊತ್ತಿನ ಕಥೆ ಜೋರಾಗಿ ಓದಲು ಇರುವುದರಿಂದ ವಾಕ್ಯದ ಕೊನೆಯ ಅಕ್ಷರಕ್ಕೆ ಸುಕೂನ್ ಹಾಕಬೇಕೆಂದು ನಾನು ವಾದಿಸಿದೆ. ಸರ್, ಶಾಲೆಯ ಪುಸ್ತಕದಲ್ಲಿ ಇರುವಂತೆ ಪೂರ್ತಿ ಗುರುತೇ ಇರಲಿ ಎಂದರು. ಕೊನೆಗೆ ಮಾತು ಕಿವಿಗೆ ಹೇಗೆ ಬೀಳುತ್ತದೋ ಹಾಗೆ ಬರೆದೆವು. ಅದನ್ನು ಕನ್ನಡ ಅಕ್ಷರದಲ್ಲಿ ಕೊಡುತ್ತೇನೆ, ಕೆಲವು ಅರಬ್ಬಿ ಧ್ವನಿಗಳಿಗೆ ಇಲ್ಲಿ ಅಕ್ಷರ ಇಲ್ಲ ಎಂಬುದು ನೆನಪಿರಲಿ:

ಮಾ ನಾಮತಿಲ್ ಕಿತ್ತತುಸ್ ಸಗೀರಹ್.
ಸಮಿಅತ್ ಸೌತನ್ ಗರೀಬಾ.
ಕಾಲತ್: ಮನ್ ಹುನಾಕ್?
ಕಾಲತಿಲ್ ಉಮ್ಮು: ಹಿಯರ್ ರೀಹ್.
ಅಗ್‌ಲಕತಿಲ್ ಉಮ್ಮುಶ್ ಶುಬ್ಬಾಕ್.
ವ ನಾಮತಿಲ್ ಕಿತ್ತಹ್.

ಇನ್ನು ಟೈಪ್ ಮಾಡುವ ಕೆಲಸ. ವಿಂಡೋಸ್‌ನ ಅರೇಬಿಕ್ ಕೀಬೋರ್ಡಿನಲ್ಲಿ ಮೊದಲು ಅಕ್ಷರ ಒತ್ತಿ, ಆಮೇಲೆ ಗುರುತು ಒತ್ತಬೇಕು. ಜಬರ್‌ಗೆ Shift+Q, ಜೇರ್‌ಗೆ Shift+A, ಪೇಶ್‌ಗೆ Shift+E, ಸುಕೂನ್‌ಗೆ Shift+X. ಅಕ್ಷರ ದೊಡ್ಡದಿರಲಿ, ಸಾಲಿನ ನಡುವೆ ಜಾಗ ಹೆಚ್ಚಿರಲಿ. ಇಲ್ಲದಿದ್ದರೆ ಮೇಲಿನ ಸಾಲಿನ ಜೇರ್ ಕೆಳಗಿನ ಸಾಲಿನ ಜಬರ್‌ನಂತೆ ಕಾಣುತ್ತದೆ. ಪ್ರಿಂಟ್ ತೆಗೆದ ಮೇಲೆ 'ಹಿಯರ್ ರೀಹ್' ಸಾಲನ್ನು ವಿಶೇಷವಾಗಿ ನೋಡಬೇಕು. ಅಲ್ಲಿ ರೇ ಅಕ್ಷರಕ್ಕೆ ಶದ್ದಾ ಮತ್ತು ಜೇರ್ ಎರಡೂ ಇವೆ. ಕುರ್‌ಆನ್‌ನ ಮುದ್ರಣದಲ್ಲಿ ಆ ಜೇರ್ ಅಕ್ಷರದ ಕೆಳಗೇ ಇರುತ್ತದೆ. ಕಂಪ್ಯೂಟರಿನ ಹಲವು ಫಾಂಟ್‌ಗಳು ಅದನ್ನು ಶದ್ದಾದ ಕೆಳಗೆ, ಆದರೆ ಅಕ್ಷರದ ಮೇಲೆ ಕೂರಿಸುತ್ತವೆ. ಮಗುವಿಗೆ ಅದು ಜಬರ್. ಫಾಂಟ್ ಬದಲಿಸುವುದೇ ಪರಿಹಾರ.

ಕೊನೆಯ ಪರಿಶೀಲನೆ ಬರೆದವರು ಮಾಡಬಾರದು. ಅವರು ಇರುವುದನ್ನಲ್ಲ, ಮನಸ್ಸಿನಲ್ಲಿರುವುದನ್ನು ಓದುತ್ತಾರೆ. ಅರ್ಥ ಗೊತ್ತಿಲ್ಲದೆ ಗುರುತು ಮಾತ್ರ ಓದಬಲ್ಲವರು ಬೇಕು. ನಮ್ಮ ಮನೆಯಲ್ಲಿ ಅಂಥ ಒಬ್ಬ ಇದ್ದಾನೆ: ಕಾಯಿದಾ ಮುಗಿಸಿ ನಾಜಿರಾ ಓದುತ್ತಿರುವ ನನ್ನ ತಮ್ಮ. ಅವನ ಕೈಗೆ ಹಾಳೆ ಕೊಟ್ಟು, ನಾನು ಪಕ್ಕದಲ್ಲಿ ಪೆನ್ನು ಹಿಡಿದು ಕೂತೆ. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಓದುತ್ತ ಹೋದ, ಮನ್ ಅನ್ನು ಮನ್ ಎಂದೇ ಓದಿದ. ಹಾಳೆಯ ಫೋಟೊ ಅದೇ ರಾತ್ರಿ ಖಾಲಾನ ಫೋನಿಗೆ ಹೋಯಿತು.