ಕೆಲಸ ಕೇಳುವ ಇಮೇಲ್: ಮೂರು ಲಿಂಕ್, ಆರು ಸಾಲು

ಮೈಸೂರಿನಲ್ಲಿ ಕುಳಿತು ಮೂರು ವರ್ಷಗಳಿಂದ ಕಾಫಿ ಪುಡಿ, ಉಪ್ಪಿನಕಾಯಿ, ಚಕ್ಕುಲಿ ಪ್ಯಾಕೆಟ್‌ಗಳನ್ನು ವಿನ್ಯಾಸ ಮಾಡುತ್ತಿರುವ ಒಬ್ಬಳು ಡಿಸೈನರ್ ಇದ್ದಾಳೆ ಎಂದುಕೊಳ್ಳೋಣ. ಬೆಂಗಳೂರಿನ ಏಜೆನ್ಸಿಯೊಂದಕ್ಕೆ ತನ್ನ ಕೆಲಸ ತೋರಿಸಬೇಕು. ಮೊದಲ ಸಲ ಅವಳು ಬರೆದದ್ದು ನಾಲ್ಕು ಪ್ಯಾರಾ. ಬಾಲ್ಯದ ಚಿತ್ರಕಲೆಯಿಂದ ಶುರುವಾಗಿ ಸೃಜನಶೀಲತೆಯ ಮೇಲಿನ ಪ್ರೀತಿಗೆ ಮುಗಿಯುವ ಪತ್ರ. ಕೊನೆಗೆ 40 ಎಂಬಿಯ ಪಿಡಿಎಫ್.

ಜಿಮೇಲ್‌ನಲ್ಲಿ ಲಗತ್ತಿಸಬಹುದಾದ ಮಿತಿ 25 ಎಂಬಿ. ಹಾಗಾಗಿ ಫೈಲನ್ನು ಡ್ರೈವ್‌ಗೆ ಹಾಕಿ ಅದರ ಲಿಂಕ್ ನಕಲು ಮಾಡಿ ಅಂಟಿಸಿದಳು. ಹೊಸದಾಗಿ ಹಾಕಿದ ಫೈಲು ಸಾಮಾನ್ಯವಾಗಿ ‘Restricted’ ಸ್ಥಿತಿಯಲ್ಲಿರುತ್ತದೆ. ಅದನ್ನು ‘Anyone with the link’ ಎಂದು ಬದಲಿಸದಿದ್ದರೆ, ಆ ಕಡೆ ಒತ್ತಿದವರಿಗೆ ಕಾಣುವುದು ಅನುಮತಿ ಕೇಳುವ ಪುಟ ಮಾತ್ರ. ದಿನವಿಡೀ ಇಂಥ ಪತ್ರ ನೋಡುವ ಆರ್ಟ್ ಡೈರೆಕ್ಟರ್ ಅನುಮತಿ ಕೇಳುತ್ತಾ ಕೂರುವುದಿಲ್ಲ, ಮುಂದಿನ ಪತ್ರಕ್ಕೆ ಹೋಗುತ್ತಾರೆ. ಕಳಿಸಿದವಳಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಅವಳ ಕಂಪ್ಯೂಟರಿನಲ್ಲಿ ಲಿಂಕ್ ಚೆನ್ನಾಗಿಯೇ ತೆರೆಯುತ್ತದೆ. ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲೋ, ಮನೆಯ ಬೇರೊಬ್ಬರ ಫೋನಿನಲ್ಲೋ ತೆರೆದು ನೋಡಿದ್ದರೆ ಎಡವಟ್ಟು ಅಲ್ಲೇ ಸಿಕ್ಕಿಬೀಳುತ್ತಿತ್ತು.

ಎರಡನೆಯ ಸಲ ಅವಳು ಪತ್ರವನ್ನು ತಿರುಗಿಸಿ ಬರೆದಳು. ಕೆಲಸ ಮುಂದೆ, ಮಾತು ಹಿಂದೆ. ಇಂಥ ಪತ್ರಗಳು ಬಹುತೇಕ ಇಂಗ್ಲಿಷಿನಲ್ಲೇ ಹೋಗುತ್ತವೆ. ಕನ್ನಡದಲ್ಲಿ ಬರೆದರೆ ಅದು ಹೀಗಿರುತ್ತದೆ:

“ವಿಷಯ: ಪ್ಯಾಕೇಜಿಂಗ್ ಡಿಸೈನರ್, ಕನ್ನಡ–ಇಂಗ್ಲಿಷ್ ಲೇಬಲ್, 3 ಕೆಲಸಗಳು

ನಮಸ್ಕಾರ ಮೇಡಂ, ನೀವು ಮಾಡಿದ ತುಪ್ಪದ ಡಬ್ಬಿಗಳನ್ನು ನೋಡಿ ಬರೆಯುತ್ತಿದ್ದೇನೆ. ನಾನು ಮೈಸೂರಿನಲ್ಲಿ ಮೂರು ವರ್ಷದಿಂದ ಆಹಾರ ಪದಾರ್ಥಗಳ ಪ್ಯಾಕೆಟ್ ವಿನ್ಯಾಸ ಮಾಡುತ್ತಿದ್ದೇನೆ.

ಕಾಫಿ ಪುಡಿ: ಲೋಗೊ, ಕನ್ನಡ ಅಕ್ಷರ, ಮೂರು ಅಳತೆಯ ಪ್ಯಾಕೆಟ್ ನನ್ನದು, ಫೋಟೊ ಬೇರೆಯವರದು.
ಉಪ್ಪಿನಕಾಯಿ: ಹಳೆಯ ಲೇಬಲ್, ಹೊಸ ಲೇಬಲ್ ಅಕ್ಕಪಕ್ಕ.
ಚಕ್ಕುಲಿ: ಒಂದೇ ಬಣ್ಣದಲ್ಲಿ ಅಚ್ಚಾದ ಪ್ಯಾಕೆಟ್.

ಮುಂದಿನ ತಿಂಗಳಿಂದ ವಾರಕ್ಕೆ ಮೂರು ದಿನ ಸಿಗುತ್ತೇನೆ. ಹದಿನೈದು ನಿಮಿಷ ಮಾತಾಡಲು ಸಾಧ್ಯವೇ?”

ಕಾಫಿ ಪುಡಿ, ಉಪ್ಪಿನಕಾಯಿ, ಚಕ್ಕುಲಿ ಎಂಬ ಮೂರು ಹೆಸರುಗಳೇ ಲಿಂಕುಗಳು. ಒಂದೊಂದೂ ನೇರವಾಗಿ ಆ ಕೆಲಸದ ಪುಟಕ್ಕೆ ಹೋಗುತ್ತದೆ, ಬಿಹ್ಯಾನ್ಸ್‌ನ ಮುಖಪುಟಕ್ಕಲ್ಲ. ಮುಖಪುಟಕ್ಕೆ ಕಳಿಸಿದರೆ ಕಾಲೇಜಿನಲ್ಲಿ ಮಾಡಿದ ಪೋಸ್ಟರಿನಿಂದ ಅಣ್ಣನ ಮದುವೆ ಕಾರ್ಡಿನವರೆಗೆ ಎಲ್ಲದರ ನಡುವೆ ನೋಡುವವರೇ ಹುಡುಕಿಕೊಳ್ಳಬೇಕಾಗುತ್ತದೆ.

ಈ ಪತ್ರದಲ್ಲಿ ಹೆಚ್ಚು ತೂಕದ ಮಾತು “ಫೋಟೊ ಬೇರೆಯವರದು” ಎಂಬುದು. ಪ್ಯಾಕೆಟ್ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಚಿತ್ರ ಬರೆದವರು, ಫೋಟೊ ತೆಗೆದವರು, ಒಕ್ಕಣೆ ಬರೆದವರು ಬೇರೆ ಬೇರೆ ಇರುತ್ತಾರೆ. ಎಲ್ಲವೂ ನನ್ನದೇ ಎಂದು ತೋರಿಸಿಕೊಂಡರೆ, ಸಂದರ್ಶನದಲ್ಲಿ ಆ ಫೋಟೊದ ಬೆಳಕಿನ ಬಗ್ಗೆ ಕೇಳುವ ಒಂದೇ ಪ್ರಶ್ನೆಗೆ ಬಣ್ಣ ಬಯಲಾಗುತ್ತದೆ. ಇನ್ನೂ ಮಾರುಕಟ್ಟೆಗೆ ಬಾರದ ಪ್ಯಾಕೆಟ್ಟನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ತೋರಿಸುವುದು ಇದಕ್ಕಿಂತ ಕೆಟ್ಟದ್ದು. ನಾಳೆ ನಮ್ಮ ಗ್ರಾಹಕರ ಗುಟ್ಟನ್ನೂ ಹೀಗೇ ಹಂಚಿಯಾಳು ಎಂದು ಏಜೆನ್ಸಿ ಯೋಚಿಸುವುದು ಸಹಜ.

ಕನ್ನಡ ಅಕ್ಷರ ತೋರಿಸುವವರಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಇಲಸ್ಟ್ರೇಟರ್, ಇನ್‌ಡಿಸೈನ್‌ಗಳಲ್ಲಿ ಭಾರತೀಯ ಲಿಪಿಗಳಿಗೆ ಬೇಕಾದ ಕಂಪೋಸರ್ ಆಯ್ದುಕೊಳ್ಳದಿದ್ದರೆ ಒತ್ತಕ್ಷರ ಒಡೆಯುತ್ತದೆ. ‘ಅಕ್ಕಿ’ಯ ಒತ್ತು ಕೆಳಗೆ ಕೂರದೆ ಪಕ್ಕಕ್ಕೆ ಜಾರಿ ‘ಅಕ್‌ಕಿ’ ಎಂಬಂತಾಗುತ್ತದೆ. ಇಂಗ್ಲಿಷಿಗೆ ಇಟ್ಟ ಸಾಲಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ಕನ್ನಡ ಓದುವ ಆರ್ಟ್ ಡೈರೆಕ್ಟರಿಗೆ ಬಣ್ಣಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಇದೇ. ಹಾಗಾಗಿ ಅವಳು ಕಾಫಿ ಪುಡಿಯ ಪುಟದಲ್ಲಿ ಪ್ಯಾಕೆಟ್ಟಿನ ಹಿಂಬದಿಯನ್ನೂ ಇಟ್ಟಿದ್ದಾಳೆ. ಸಣ್ಣಕ್ಷರದ ಕನ್ನಡ ಹೇಗೆ ಕೂತಿದೆ ಎಂಬುದು ಗೊತ್ತಾಗುವುದೇ ಅಲ್ಲಿ.

ಉತ್ತರ ಬಾರದಿದ್ದರೆ ಏನು? ವಾರ ಹತ್ತು ದಿನ ಬಿಟ್ಟು ಅದೇ ಪತ್ರಕ್ಕೆ ಎರಡು ಸಾಲಿನ ನೆನಪೋಲೆ ಸೇರಿಸಬಹುದು. ಒಂದು ಸಲ ಸಾಕು, ಮೂರನೆಯದು ಕಿರಿಕಿರಿ. ಆದರೆ ಲಿಂಕುಗಳನ್ನು ಮಾತ್ರ ಅಳಿಸಬಾರದು. ಕೆಲಸ ಬಂದಾಗ ಏಜೆನ್ಸಿಯವರು ತಿಂಗಳುಗಳ ಹಿಂದಿನ ಪತ್ರವನ್ನು ಹುಡುಕಿ ತೆಗೆಯುವುದುಂಟು. ಡ್ರೈವ್‌ನಲ್ಲಿರುವ ಪಿಡಿಎಫ್ ಹಳೆಯದಾಯಿತೆಂದು ತೆಗೆದು ಹೊಸದು ಹಾಕಿದರೆ ಲಿಂಕ್ ಸತ್ತುಹೋಗುತ್ತದೆ. ಅದೇ ಫೈಲಿನ ‘Manage versions’ನಲ್ಲಿ ಹೊಸ ಆವೃತ್ತಿ ಏರಿಸಿದರೆ ಹಳೆಯ ಲಿಂಕಿನಲ್ಲೇ ಹೊಸ ಕೆಲಸ ತೆರೆಯುತ್ತದೆ.