‘ಸೀ ಮೋರ್’ಗೆ ಮೊದಲಿನ ಮೂರು ಸಾಲು

ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಹೆಸರು, ಫೋಟೊ, ಹೆಡ್‌ಲೈನ್‌ಗಳ ಕೆಳಗೆ ‘ಅಬೌಟ್’ ಎಂಬ ವಿಭಾಗವಿದೆ. ಅಲ್ಲಿ 2,600 ಕ್ಯಾರೆಕ್ಟರ್‌ಗಳವರೆಗೆ ಬರೆಯಬಹುದು. ಆದರೆ ಪುಟ ತೆರೆದವರಿಗೆ ಅಷ್ಟೂ ಕಾಣುವುದಿಲ್ಲ. ಫೋನಿನಲ್ಲಾದರೆ ಮೂರು ಸಾಲು, ಕಂಪ್ಯೂಟರಿನಲ್ಲಾದರೆ ಅದಕ್ಕಿಂತ ತುಸು ಹೆಚ್ಚು ಕಾಣುತ್ತದೆ. ಆಮೇಲೆ ಮೂರು ಚುಕ್ಕಿ, ಪಕ್ಕದಲ್ಲಿ ‘ಸೀ ಮೋರ್’ ಎಂಬ ಗುಂಡಿ. ಅದನ್ನು ಒತ್ತಿದವರಿಗೆ ಮಾತ್ರ ಉಳಿದದ್ದು ತೆರೆದುಕೊಳ್ಳುತ್ತದೆ. ಮುನ್ನೂರು ಪದಗಳ ಪರಿಚಯ ಬರೆದವರೂ ಬಹುಪಾಲು ಓದುಗರಿಗೆ ತೋರಿಸಿದ್ದು ಮೊದಲ ಇಪ್ಪತ್ತು ಇಪ್ಪತ್ತೈದು ಪದಗಳನ್ನಷ್ಟೇ. ಹಾಗಾಗಿ ಅಬೌಟ್ ಬರೆಯುವಾಗ ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಈ ಪದಗಳಿಗೆ.

ಪಠ್ಯ ಎಲ್ಲಿ ತುಂಡಾಗುತ್ತದೆ ಎನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು. ಇಷ್ಟು ಅಕ್ಷರಕ್ಕೆ ಕತ್ತರಿ ಬೀಳುತ್ತದೆ ಎಂದು ಸಲಹೆ ಕೊಡುವವರು ಹೇಳುವ ಸಂಖ್ಯೆಗಳು ಅಂದಾಜು ಮಾತ್ರ. ಪರದೆಯ ಮೇಲೆ ಲೆಕ್ಕಕ್ಕೆ ಬರುವುದು ಸಾಲು. ಫೋನಿನ ಅಗಲ, ಓದುವವರು ಇಟ್ಟುಕೊಂಡ ಅಕ್ಷರದ ಗಾತ್ರ, ಪದಗಳು ಮುರಿದು ಕೆಳಗಿಳಿಯುವ ಜಾಗ ಇವೆಲ್ಲ ಸೇರಿ ಸಾಲು ನಿರ್ಧಾರವಾಗುತ್ತದೆ. ‘ನಮಸ್ಕಾರ’ ಎಂದು ಬರೆದು ಎರಡು ಸಲ ಎಂಟರ್ ಒತ್ತಿದರೆ ಅದೊಂದು ಪದಕ್ಕೇ ಒಂದು ಸಾಲು ಹೋಗುತ್ತದೆ, ಅದರ ಕೆಳಗಿನ ಖಾಲಿ ಜಾಗಕ್ಕೆ ಇನ್ನೊಂದು. ಫೋನಿನಲ್ಲಿ ಆಗ ಉಳಿಯುವುದು ಒಂದೇ ಸಾಲು. ನೋಡಲು ಗಾಳಿಯಾಡುವಂತಿರಲಿ ಎಂದು ಬಿಟ್ಟ ಖಾಲಿ ಸಾಲು ಪುಟದ ಒಳಗೆ ಒಳ್ಳೆಯದು, ಬಾಗಿಲಲ್ಲಿ ನಷ್ಟ. ಮೊದಲ ಪ್ಯಾರಾ ಒಂದೇ ಓಟದಲ್ಲಿರಬೇಕು. ಎಂಟರ್ ಬೇಕಿದ್ದರೆ ಕತ್ತರಿ ಬೀಳುವ ಜಾಗ ದಾಟಿದ ಮೇಲೆ ಒತ್ತಬಹುದು.

ಆ ಮೂರು ಸಾಲಿಗೆ ಬರುವ ಹೊತ್ತಿಗೆ ಓದುಗರಿಗೆ ಏನು ಗೊತ್ತಿರುತ್ತದೆ ಎನ್ನುವುದು ಅದರ ನಂತರದ ಪ್ರಶ್ನೆ. ಹೆಸರು ನೋಡಿಯಾಗಿದೆ, ಮುಖ ನೋಡಿಯಾಗಿದೆ. ಹೆಸರಿನ ಕೆಳಗಿನ ಹೆಡ್‌ಲೈನ್‌ನಲ್ಲಿ ಹುದ್ದೆ, ಕ್ಷೇತ್ರ, ಊರು ಓದಿಯಾಗಿದೆ. ಅಬೌಟ್‌ನ ಮೊದಲ ವಾಕ್ಯ ಮತ್ತೆ ‘ನಾನು ಒಬ್ಬ ಮೆಕ್ಯಾನಿಕಲ್ ಎಂಜಿನಿಯರ್’ ಎಂದು ಶುರುವಾದರೆ ಓದುಗರಿಗೆ ಹೊಸದೇನೂ ಸಿಗಲಿಲ್ಲ. ಕೆಲಸಕ್ಕೆ ಜನ ಹುಡುಕುವವರು ಒಂದು ಹುದ್ದೆಗೆ ಸಾಲಾಗಿ ಹಲವು ಪ್ರೊಫೈಲ್ ತೆರೆಯುತ್ತಾರೆ, ಅವರಿಗೆ ಎಲ್ಲ ಹೆಡ್‌ಲೈನ್‌ಗಳೂ ಹೆಚ್ಚು ಕಡಿಮೆ ಒಂದೇ ಥರ ಕಂಡಿರುತ್ತವೆ. ಅವರು ಹುಡುಕುತ್ತಿರುವುದು ಈ ವ್ಯಕ್ತಿ ಬಿಡಿಸುವ ತೊಡಕು ಯಾವುದು, ಅದು ತಮ್ಮಲ್ಲಿರುವ ತೊಡಕೇ ಎಂಬ ಸುಳಿವನ್ನು. ಮೊದಲ ವಾಕ್ಯದ ಕೆಲಸ ಆ ಸುಳಿವು ಕೊಡುವುದು.

ಪೀಣ್ಯದ ಬಿಡಿಭಾಗ ಕಾರ್ಖಾನೆಯೊಂದರ ಮೆಂಟೆನೆನ್ಸ್ ಎಂಜಿನಿಯರ್ ಒಬ್ಬರು ಹೊಸ ಕೆಲಸ ಹುಡುಕುತ್ತಿದ್ದಾರೆ ಎಂದು ಇಟ್ಟುಕೊಳ್ಳೋಣ. ಅವರ ಅಬೌಟ್ ಹೀಗೆ ಶುರುವಾಗುತ್ತದೆ:

‘ನಮಸ್ಕಾರ! ನನ್ನ ಪ್ರೊಫೈಲಿಗೆ ಸ್ವಾಗತ. ನಾನು ಶ್ರಮಜೀವಿ, ಶಿಸ್ತುಬದ್ಧ, ತಂಡದೊಂದಿಗೆ ಹೊಂದಿಕೊಂಡು ಕೆಲಸ ಮಾಡಬಲ್ಲ ಮೆಕ್ಯಾನಿಕಲ್ ಎಂಜಿನಿಯರ್. ಹನ್ನೆರಡು ವರ್ಷಗಳ ಸುದೀರ್ಘ ಅನುಭವದಲ್ಲಿ ವಿವಿಧ ಸಂಸ್ಥೆಗಳಲ್ಲಿ ವಿವಿಧ ಜವಾಬ್ದಾರಿಗಳನ್ನು…’

ಇದರಲ್ಲಿ ಸುಳ್ಳಿಲ್ಲ, ತಪ್ಪೂ ಇಲ್ಲ. ಆದರೆ ಹೆಸರು ಮುಚ್ಚಿಟ್ಟು ಓದಿದರೆ ಇದು ಯಾರದೂ ಆಗಬಹುದು. ಶ್ರಮಜೀವಿ, ಶಿಸ್ತುಬದ್ಧ ಎಂಬ ಮಾತುಗಳನ್ನು ತನ್ನ ಬಗ್ಗೆ ತಾನೇ ಹೇಳಿಕೊಂಡರೆ ಓದುಗರು ನಂಬುವುದೂ ಇಲ್ಲ, ಅಲ್ಲಗಳೆಯುವುದೂ ಇಲ್ಲ, ಸುಮ್ಮನೆ ದಾಟುತ್ತಾರೆ. ಅವರು ಹನ್ನೆರಡು ವರ್ಷ ಕೈಯಾರೆ ಮಾಡಿದ ಕೆಲಸ ಯಾವುದೆಂಬುದು ‘ಜವಾಬ್ದಾರಿಗಳನ್ನು’ ಎಂಬ ಪದದ ಆಚೆಗೆ ಮರೆಯಾಗಿದೆ.

ಅದೇ ವ್ಯಕ್ತಿಯ ಮಾತನ್ನು ಕೆಲಸದಿಂದಲೇ ಎತ್ತಿಕೊಂಡರೆ ಹೀಗಾಗುತ್ತದೆ:

‘ಒಂದು ಲೇತ್ ನಿಂತರೆ ಇಡೀ ಶಿಫ್ಟಿನ ಲೆಕ್ಕ ತಪ್ಪುತ್ತದೆ. ಪೀಣ್ಯದಲ್ಲಿ 12 ವರ್ಷಗಳಿಂದ ಸಿಎನ್‌ಸಿ ಯಂತ್ರಗಳನ್ನು ನಿಲ್ಲದಂತೆ ನೋಡಿಕೊಳ್ಳುತ್ತಿದ್ದೇನೆ. 40 ಯಂತ್ರಗಳ ಘಟಕದಲ್ಲಿ ತಿಂಗಳಿಗೆ 60 ಗಂಟೆ ಇದ್ದ ನಿಲುಗಡೆ 22ಕ್ಕೆ ಇಳಿಯಿತು. ಹೊಸ ಯಂತ್ರ ಒಂದನ್ನೂ ಕೊಳ್ಳಲಿಲ್ಲ.’

ಮೊದಲ ವಾಕ್ಯದಲ್ಲಿ ‘ನಾನು’ ಇಲ್ಲ. ಅದು ಕಾರ್ಖಾನೆ ನಡೆಸುವವರು ದಿನವೂ ಅನುಭವಿಸುವ ತೊಂದರೆ, ಓದಿದ ಕೂಡಲೇ ತಮ್ಮದೆಂದು ಗುರುತಿಸುತ್ತಾರೆ. ಎರಡನೆಯ ವಾಕ್ಯ ಊರು, ಅವಧಿ, ಯಂತ್ರ, ಕೆಲಸ ನಾಲ್ಕನ್ನೂ ಹೇಳಿ ಮುಗಿಸುತ್ತದೆ. ಫೋನಿನಲ್ಲಿ ಕತ್ತರಿ ಇದರ ಆಸುಪಾಸಿನಲ್ಲಿ ಬೀಳುತ್ತದೆ, ಅಷ್ಟರೊಳಗೆ ಓದುಗರ ಕೈಗೆ ಒಂದು ಪೂರ್ಣ ಪರಿಚಯ ಸಿಕ್ಕಿರುತ್ತದೆ. ಮೂರನೆಯದು ಪುರಾವೆ. 60 ಮತ್ತು 22 ಎಂಬ ಎರಡು ಸಂಖ್ಯೆಗಳ ಪಕ್ಕದಲ್ಲಿ 40 ಯಂತ್ರ ಎಂಬ ಅಳತೆಯೂ ಇರುವುದರಿಂದ ಅದು ನಂಬಿಕೆ ಹುಟ್ಟಿಸುತ್ತದೆ. ಯಾವುದರ ಎಷ್ಟರಲ್ಲಿ ಎಂದು ಹೇಳದೆ ‘ನಿಲುಗಡೆ ಶೇ 63 ಇಳಿಸಿದೆ’ ಎಂದು ಮಾತ್ರ ಬರೆದಿದ್ದರೆ ಅದೇ ಸಾಧನೆ ಜಾಹೀರಾತಿನಂತೆ ಕೇಳುತ್ತಿತ್ತು. ಇಂಥ ಸಂಖ್ಯೆ ಸಂದರ್ಶನದಲ್ಲಿ ಮೊದಲ ಪ್ರಶ್ನೆಯಾಗಿ ತಿರುಗಿ ಬರುತ್ತದೆ, ಆದ್ದರಿಂದ ಲಾಗ್‌ಬುಕ್ ತೋರಿಸಿ ಸಮರ್ಥಿಸಬಲ್ಲದ್ದನ್ನೇ ಬರೆಯಬೇಕು. ಸಂಖ್ಯೆ ಇಲ್ಲದ ಕೆಲಸವಾದರೆ ಹೆಸರಿರುವ ವಸ್ತು ಸಾಕು: ಯಾವ ಯಂತ್ರ, ಯಾವ ತರಗತಿಯ ಮಕ್ಕಳು, ಯಾವ ಬಗೆಯ ಕಡತ.

ಕೊನೆಯ ಪುಟ್ಟ ವಾಕ್ಯವೇ ಗುಂಡಿ ಒತ್ತಿಸುವುದು. ಹೊಸ ಯಂತ್ರ ಕೊಳ್ಳದೆ ನಿಲುಗಡೆ ಇಳಿದದ್ದು ಹೇಗೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಉತ್ತರ ಗುಂಡಿಯ ಆಚೆಗಿದೆ. ಕುತೂಹಲ ಕೆರಳಿಸುವುದೆಂದರೆ ವಿಷಯ ಮುಚ್ಚಿಡುವುದು ಎಂದು ತಿಳಿದವರು ‘ಆ ಒಂದು ದಿನ ನನ್ನ ಬದುಕನ್ನೇ ಬದಲಿಸಿತು’ ಎಂಬಂಥ ಸಾಲು ಬರೆಯುತ್ತಾರೆ. ಅದರಲ್ಲಿ ಹಿಡಿಯಲು ಏನೂ ಇಲ್ಲ. ಏನಾಯಿತು ಎನ್ನುವುದನ್ನು ಪೂರ್ತಿ ಹೇಳಿ ಹೇಗಾಯಿತು ಎನ್ನುವುದನ್ನು ಮಾತ್ರ ಮುಂದಕ್ಕೆ ಉಳಿಸಿದಾಗ ಓದುಗರು ಮುಂದುವರಿಯುತ್ತಾರೆ, ಗುಂಡಿ ಒತ್ತದವರೂ ಬರಿಗೈಲಿ ಹೋಗುವುದಿಲ್ಲ.

ಮುಂದಕ್ಕೆ ಉಳಿಸಿದ್ದನ್ನು ಗುಂಡಿ ಒತ್ತಿದ ಮೊದಲ ಸಾಲಿನಲ್ಲೇ ಕೊಡಬೇಕು. ಈ ಉದಾಹರಣೆಯಲ್ಲಿ ಅದು ‘ಪ್ರತಿ ಶಿಫ್ಟಿನ ಮೊದಲ ಹತ್ತು ನಿಮಿಷ ಆಪರೇಟರ್‌ಗಳೇ ಕೂಲಂಟ್ ಮಟ್ಟ, ಲೂಬ್ರಿಕೇಶನ್ ಎಣ್ಣೆ, ಸ್ಪಿಂಡಲ್ ಸದ್ದು ನೋಡಿ ಬೋರ್ಡಿನ ಮೇಲೆ ಬರೆಯುವ ಪದ್ಧತಿ ತಂದೆವು’ ಎಂದು ಮುಂದುವರಿಯಬಹುದು. ಅದರ ಬದಲು ಡಿಪ್ಲೊಮಾ ಮುಗಿಸಿದ ವರ್ಷದಿಂದ ಹೊಸದಾಗಿ ಕಥೆ ಶುರು ಮಾಡಿದರೆ ಒತ್ತಿದವರಿಗೆ ಮೋಸವಾದಂತೆ ಅನ್ನಿಸುತ್ತದೆ. ಓದು, ಪ್ರಮಾಣಪತ್ರ, ಹಿಂದಿನ ಕಂಪನಿಗಳಿಗೆ ಪ್ರೊಫೈಲಿನಲ್ಲಿ ಬೇರೆ ಬೇರೆ ವಿಭಾಗಗಳೇ ಇವೆ.

ಕನ್ನಡದಲ್ಲಿ ಅಬೌಟ್ ಬರೆಯುವವರಿಗೆ ಇಂಗ್ಲಿಷಿನ ಸಲಹೆಗಳಲ್ಲಿ ಸಿಗದ ಒಂದು ತೊಡಕಿದೆ. ಇಂಗ್ಲಿಷ್ ವಾಕ್ಯದಲ್ಲಿ ಕರ್ತೃವಿನ ಹಿಂದೆಯೇ ಕ್ರಿಯಾಪದ ಬರುತ್ತದೆ, ಅರ್ಧಕ್ಕೆ ಕತ್ತರಿಸಿದರೂ ಯಾರು ಏನು ಮಾಡಿದರು ಎಂಬುದು ಉಳಿದುಕೊಳ್ಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿರುತ್ತದೆ. ‘ಕರಾವಳಿಯ ಸಣ್ಣ ಮೀನು ಸಂಸ್ಕರಣಾ ಘಟಕಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೆ ಸರ್ಕಾರದ ವಿಮಾ ಯೋಜನೆಗಳನ್ನು…’ ಎಂಬಲ್ಲಿ ಕತ್ತರಿ ಬಿದ್ದರೆ ಬರೆದವರು ಅವನ್ನು ಕೊಡಿಸುತ್ತಾರೋ, ವಿವರಿಸುತ್ತಾರೋ, ಮಾರುತ್ತಾರೋ ತಿಳಿಯುವುದಿಲ್ಲ. ಇಷ್ಟುದ್ದದ ವಾಕ್ಯ ಲೇಖನದ ನಡುವೆ ಚೆನ್ನಾಗಿಯೇ ಓಡುತ್ತದೆ, ಮೊದಲ ಮೂರು ಸಾಲಿನಲ್ಲಿ ಮಾತ್ರ ಕಾಲು ಮುರಿದುಕೊಳ್ಳುತ್ತದೆ. ಅದನ್ನು ಎರಡಾಗಿ ಒಡೆದು ಕ್ರಿಯಾಪದವನ್ನು ಬೇಗ ಮುಟ್ಟಬೇಕು: ‘ಸರ್ಕಾರಿ ವಿಮೆಯ ಹಣ ಕೊಡಿಸುತ್ತೇನೆ. ಬರುವವರು ಹೆಚ್ಚಾಗಿ ಕರಾವಳಿಯ ಮೀನು ಘಟಕಗಳಲ್ಲಿ ದುಡಿಯುವ ಹೆಣ್ಣುಮಕ್ಕಳು.’ ಎಂಟು ಹತ್ತು ಪದ ಮೀರದ ವಾಕ್ಯಗಳಾದರೆ ಕತ್ತರಿ ಎಲ್ಲಿ ಬಿದ್ದರೂ ಕನಿಷ್ಠ ಒಂದು ವಾಕ್ಯ ಇಡಿಯಾಗಿ ಉಳಿಯುತ್ತದೆ.

ಕ್ಯಾರೆಕ್ಟರ್ ಲೆಕ್ಕದಲ್ಲೂ ಕನ್ನಡಕ್ಕೆ ಕಡಿಮೆ ಜಾಗ ಸಿಗುತ್ತದೆ. ಯುನಿಕೋಡ್ ವ್ಯವಸ್ಥೆಯಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮದ ಗುರುತು ಎಲ್ಲವೂ ಬೇರೆ ಬೇರೆಯಾಗಿ ಎಣಿಕೆಗೆ ಬರುತ್ತವೆ. ಕಣ್ಣಿಗೆ ಮೂರು ಅಕ್ಷರವಾಗಿ ಕಾಣುವ ‘ಕಾರ್ಖಾನೆ’ ಕಂಪ್ಯೂಟರಿನ ಎಣಿಕೆಯಲ್ಲಿ ಎಂಟು, ಒಂದೇ ಅಕ್ಷರದ ‘ಸ್ತ್ರೀ’ ಆರು. ಹೀಗಾಗಿ ಕಾಗದದ ಮೇಲೆ ಅಂದಾಜಿಸಿದ್ದಕ್ಕಿಂತ ಬೇಗ 2,600ರ ಮಿತಿ ಮುಟ್ಟುತ್ತದೆ. ಇಂಗ್ಲಿಷ್ ಪಠ್ಯ ನೋಡಿ ಹೇಳಿದ ಅಕ್ಷರ ಲೆಕ್ಕವನ್ನು ಕನ್ನಡದ ಮೊದಲ ಸಾಲುಗಳಿಗೆ ಹಾಗೇ ಅನ್ವಯಿಸಲು ಬರುವುದಿಲ್ಲ, ಪರದೆಯ ಮೇಲೆ ನೋಡಿಯೇ ತೀರಬೇಕು.

ನೋಡುವ ಕ್ರಮ ಕಷ್ಟವಿಲ್ಲ. ಬರೆದದ್ದನ್ನು ಸೇವ್ ಮಾಡಿದ ಮೇಲೆ ಎಡಿಟ್ ಪೆಟ್ಟಿಗೆಯಲ್ಲಿ ಓದಿದರೆ ಪ್ರಯೋಜನವಿಲ್ಲ, ಅಲ್ಲಿ ಕತ್ತರಿಯೇ ಇರುವುದಿಲ್ಲ. ಪ್ರೊಫೈಲ್ ಪುಟವನ್ನು ಮೊದಲು ಫೋನಿನ ಆ್ಯಪ್‌ನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ ತೆರೆದು ಯಾವ ಪದದ ಮುಂದೆ ಚುಕ್ಕಿಗಳು ಬಂದಿವೆ ಎಂದು ಗುರುತು ಮಾಡಿಕೊಳ್ಳಬೇಕು. ಫೋನಿನ ಕತ್ತರಿಗೆ ಮೊದಲು ತೊಂದರೆ ಮತ್ತು ಕೆಲಸ ಎರಡೂ ಬಂದಿರಬೇಕು, ಕಂಪ್ಯೂಟರಿನ ಕತ್ತರಿಗೆ ಮೊದಲು ಪುರಾವೆಯೂ ಬಂದಿದ್ದರೆ ಒಳ್ಳೆಯದು. ಅಕ್ಷರ ದೊಡ್ಡದಾಗಿ ಇಟ್ಟುಕೊಂಡ ಹಿರಿಯರ ಫೋನು ಮನೆಯಲ್ಲಿದ್ದರೆ ಅದರಲ್ಲೂ ಒಮ್ಮೆ ನೋಡುವುದು ಲೇಸು. ಸಾಲು ಎಲ್ಲಕ್ಕಿಂತ ಬೇಗ ಮುಗಿಯುವುದು ಅಲ್ಲೇ. ಆಮೇಲೆ ಆ ವೃತ್ತಿ ಗೊತ್ತಿಲ್ಲದವರೊಬ್ಬರಿಗೆ ಗುಂಡಿ ಒತ್ತದ ಪುಟ ತೋರಿಸಿ, ಇವರು ಏನು ಕೆಲಸ ಮಾಡುತ್ತಾರೆ ಎಂದು ಕೇಳಬೇಕು. ‘ಯಂತ್ರ ನಿಲ್ಲದ ಹಾಗೆ ನೋಡಿಕೊಳ್ತಾರೆ’ ಎಂಬ ಉತ್ತರ ಬಂದರೆ ಸಾಲುಗಳು ಸರಿಯಾಗಿವೆ. ‘ಎಂಜಿನಿಯರ್ ಅಂತೆ’ ಎಂದಷ್ಟೇ ಬಂದರೆ ಹೆಡ್‌ಲೈನ್ ಹೇಳಿದ್ದನ್ನೇ ಅಬೌಟ್ ಮತ್ತೆ ಹೇಳುತ್ತಿದೆ. ಕೆಲಸ ಅರ್ಥವಾಗಿ ಕತ್ತರಿ ಮಾತ್ರ ತಪ್ಪು ಜಾಗದಲ್ಲಿ ಬಿದ್ದಿದ್ದರೆ ಇಡೀ ಪರಿಚಯವನ್ನು ಮತ್ತೆ ಬರೆಯಬೇಕಿಲ್ಲ. ಎರಡನೆಯ ವಾಕ್ಯದಿಂದ ಒಂದು ವಿಶೇಷಣ ಕಿತ್ತರೆ ಸಾಮಾನ್ಯವಾಗಿ ಅರ್ಧ ಸಾಲು ಬಿಡುವಾಗುತ್ತದೆ.