ಕೆಂಗಣ್ಣಿಗೆ ಮನೆಯಲ್ಲಿರುವ ಹಳೇ ಡ್ರಾಪ್ಸ್ ಹಾಕಬಹುದೇ?

ಪ್ರಶ್ನೆ: ಮಗಳ ತರಗತಿಯಲ್ಲಿ ಮದ್ರಾಸ್ ಐ ಹಬ್ಬಿದೆ. ಇವಳ ಕಣ್ಣೂ ಕೆಂಪಾಗಿ ತುರಿಸುತ್ತಿದೆ, ಬೆಳಿಗ್ಗೆ ಪಿಸುರು ಕಟ್ಟಿ ರೆಪ್ಪೆ ಅಂಟಿಕೊಂಡಿತ್ತು. ಅಣ್ಣನಿಗೆ ತಂದಿದ್ದ ಡ್ರಾಪ್ಸ್ ಉಳಿದಿದೆ, ಹಾಕಲೇ? ನೋಡಿದರೇ ಅಂಟುತ್ತದಂತೆ, ನಿಜವೇ?

ಶಾಲೆಯ ನರ್ಸ್ ಉತ್ತರ: ನೋಡಿದರೆ ಅಂಟುವುದಿಲ್ಲ. ಕಣ್ಣುಜ್ಜಿದ ಕೈಯಿಂದ ಅಂಟುತ್ತದೆ. ತುರಿಕೆಗೆ ಮಗು ಕಣ್ಣುಜ್ಜುತ್ತದೆ, ಅದೇ ಕೈಯಲ್ಲಿ ಪಕ್ಕದವಳಿಗೆ ರಬ್ಬರ್ ಕೊಡುತ್ತದೆ, ಅವಳು ತನ್ನ ಕಣ್ಣು ಮುಟ್ಟಿಕೊಳ್ಳುತ್ತಾಳೆ. ಒಂದೇ ಬೆಂಚಿನಲ್ಲಿ ಸಾಲಾಗಿ ಬರುವುದು ಹೀಗೆ. ಕಪ್ಪು ಕನ್ನಡಕ ಇದನ್ನು ತಡೆಯದು.

ಹಳೇ ಡ್ರಾಪ್ಸ್ ದಯವಿಟ್ಟು ಬೇಡ. ತೆರೆದ ಬಾಟಲಿ ಸಾಮಾನ್ಯವಾಗಿ ಒಂದು ತಿಂಗಳಷ್ಟೇ ಬಳಕೆಗೆ ಯೋಗ್ಯ. ತುದಿ ರೆಪ್ಪೆಗೆ ತಾಗಿದ್ದರೆ ಅದರಲ್ಲೇ ಸೋಂಕಿರಬಹುದು. ಅದು ಸ್ಟೀರಾಯ್ಡ್ ಆಗಿದ್ದರೆ ಕೆಂಪು ಇಳಿದಂತೆ ಕಂಡರೂ ಒಳಗೆ ಕೆಲವು ಸೋಂಕು ಉಲ್ಬಣಿಸಬಹುದು. ವೈರಸ್‌ನಿಂದ ಬಂದದ್ದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ, ಒಂದೆರಡು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಗಟ್ಟಿ ಹಳದಿ ಪಿಸುರು ದಿನವಿಡೀ ಬರುತ್ತಿದ್ದರೆ ಬ್ಯಾಕ್ಟೀರಿಯಾ ಇರಬಹುದು. ಔಷಧ ಯಾವುದೆಂದು ವೈದ್ಯರೇ ಹೇಳಲಿ.

ಕುದಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ, ಮೂಗಿನ ಕಡೆಯಿಂದ ಹೊರಕ್ಕೆ ಒಮ್ಮೆ ಒರೆಸಿ ಎಸೆಯಿರಿ. ಇನ್ನೊಂದು ಕಣ್ಣಿಗೆ ಬೇರೆ ಹತ್ತಿ. ಆಮೇಲೆ ನೀವೂ ಸೋಪಿನಲ್ಲಿ ಕೈ ತೊಳೆಯಿರಿ. ಟವೆಲ್, ದಿಂಬು, ಕಾಡಿಗೆ ಬೇರೆಯಿರಲಿ. ಎದೆಹಾಲು ಹಿಂಡುವುದು, ಹರಳೆಣ್ಣೆ ಬಿಡುವುದು ಬೇಡ.

ಕಣ್ಣಲ್ಲಿ ನೋವು, ಬೆಳಕು ನೋಡಲಾಗದಿರುವುದು, ಒರೆಸಿದ ಮೇಲೂ ಮಂಜಾಗಿ ಕಾಣುವುದು: ಇವುಗಳಲ್ಲಿ ಒಂದಿದ್ದರೂ ಅಂದೇ ಕಣ್ಣಿನ ವೈದ್ಯರಿಗೆ ತೋರಿಸಿ. ನೀರು, ಪಿಸುರು ನಿಲ್ಲುವವರೆಗೆ ಮಗಳು ಮನೆಯಲ್ಲಿರಲಿ; ತಪ್ಪಿದ ಪಾಠದ ನೋಟ್ಸ್ ಕಳಿಸಲು ಟೀಚರಿಗೆ ಹೇಳಿದ್ದೇನೆ.